ಆರನೇ ಕಂಬದ ಎರಡು ಮನೆ

ಅಕ್ಕನ ಮಗಳು ರಜೆಗೆ ಬಂದಾಗಲೆಲ್ಲ ಕನೆಕ್ಟ್ ಫೋರ್ ಡಬ್ಬ ಅಟ್ಟದಿಂದ ಇಳಿಯುತ್ತದೆ. ನಾನು ಸೋಲುವುದೂ ಪ್ರತಿಸಲ ಒಂದೇ ರೀತಿ. ಅವಳ ಮೂರು ಬಿಲ್ಲೆ ಸಾಲಾಗಿರುವುದನ್ನು ಕಂಡು ನಾಲ್ಕನೆಯದಕ್ಕೆ ಅಡ್ಡ ಹಾಕುತ್ತೇನೆ. ಅವಳು ನನ್ನ ಬಿಲ್ಲೆಯ ತಲೆಯ ಮೇಲೇ ಇನ್ನೊಂದನ್ನು ಬೀಳಿಸಿ ಗೆಲ್ಲುತ್ತಾಳೆ. ತಡೆಯಲು ಹಾಕಿದ ಬಿಲ್ಲೆಯೇ ಅವಳಿಗೆ ಮೆಟ್ಟಿಲಾಗಿರುತ್ತದೆ.

ಚೌಕಟ್ಟಿನಲ್ಲಿ 7 ಕಂಬ, ಒಂದೊಂದರಲ್ಲಿ 6 ಮನೆ. ಬಿಲ್ಲೆಯನ್ನು ಮೇಲಿನಿಂದ ಬಿಟ್ಟರೆ ಅದು ತಳದ ಖಾಲಿ ಮನೆಗೇ ಹೋಗಿ ಕೂರುತ್ತದೆ. ಬೇಕಾದ ಎತ್ತರದಲ್ಲಿ ಇಡುವಂತಿಲ್ಲ. ಹಾಗಾಗಿ ಒಂದೇ ಕಂಬದಲ್ಲಿ ಒಂದರ ಮೇಲೊಂದು ಇರುವ ಎರಡು ಮನೆಗಳೂ ನಿಮಗೆ ಗೆಲುವು ಕೊಡುವಂತಿದ್ದರೆ ಎದುರಾಳಿಗೆ ಉಳಿಗಾಲವಿಲ್ಲ. ಅಕ್ಕಪಕ್ಕದ ಮೂರು ಕಂಬಗಳಲ್ಲಿ ಒಂದೇ ಎತ್ತರಕ್ಕೆ ಬಿಲ್ಲೆ ಪೇರಿಸುತ್ತ ಹೋಗುವುದು ಆ ಎರಡು ಮನೆಗಳಿಗಾಗಿಯೇ.

ಚೌಕುಳಿ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಈ ಆಟ ಬರೆದುಕೊಂಡು ನೋಡಿ. ಕಂಬಗಳನ್ನು ಎಡದಿಂದ, ಮನೆಗಳನ್ನು ಕೆಳಗಿನಿಂದ ಎಣಿಸೋಣ. ಕೆಂಪು ನಡುವಿನ 4ನೇ ಕಂಬದಲ್ಲಿ ಶುರುಮಾಡುತ್ತದೆ. ಹಾಗೆ ಶುರುಮಾಡಿ ತಪ್ಪಿಲ್ಲದೆ ಆಡಿದರೆ ಮೊದಲ ಆಟಗಾರ ಗೆದ್ದೇ ಗೆಲ್ಲುತ್ತಾನೆ ಎಂದು 1988ರಲ್ಲಿ ಜೇಮ್ಸ್ ಅಲೆನ್ ಮತ್ತು ವಿಕ್ಟರ್ ಆಲಿಸ್ ಬೇರೆಬೇರೆಯಾಗಿ ತೋರಿಸಿದ್ದಾರೆ. ನಮ್ಮ ಹಳದಿಯವರು ಮಾತ್ರ ಹೊಸಬರು. ಕೆಂಪು 4, ಹಳದಿ 3. ಕೆಂಪು 4, ಹಳದಿ 5. ಕೆಂಪು 3, ಹಳದಿ 7. ಕೆಂಪು 5, ಹಳದಿ ಮತ್ತೆ 7.

ಈಗ ಎರಡನೇ ಅಡ್ಡಸಾಲಿನಲ್ಲಿ 3, 4, 5ನೇ ಕಂಬಗಳ ಮೂರೂ ಮನೆ ಕೆಂಪು. ನಾಲ್ಕನೆಯದು 2ನೇ ಅಥವಾ 6ನೇ ಕಂಬದ ಎರಡನೇ ಮನೆಯಲ್ಲಿ ಕೂರಬೇಕು. ಆದರೆ ಆ ಎರಡೂ ಕಂಬ ಪೂರ್ತಿ ಖಾಲಿ. ಹಳದಿ ಅಲ್ಲಿ ಮೊದಲ ಬಿಲ್ಲೆ ಹಾಕಿದರೆ ಕೆಂಪು ಅದರ ಮೇಲೆ ಕೂತು ಗೆಲ್ಲುತ್ತದೆ. ಕೆಂಪು ತಾನೇ ಹಾಕಿದರೆ ಹಳದಿ ಮೇಲೆ ಕೂತು ತಡೆಯುತ್ತದೆ. ಆತುರಗಾರರು ಎಡವುವುದು ಇಲ್ಲೇ: ಈಗಲೇ 6ರಲ್ಲಿ ಹಾಕಿ ಆ ಕಡೆಯ ಅವಕಾಶವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಕೆಂಪು ಆ ಎರಡು ಕಂಬಗಳನ್ನು ಮುಟ್ಟದೆ ಮೂರನೇ ಅಡ್ಡಸಾಲಿಗೆ ಕೈಹಾಕುತ್ತದೆ.

ಕೆಂಪು 4ರಲ್ಲಿ ಹಾಕಿದಾಗ ಆ ಕಂಬದಲ್ಲಿ ನೇರ ಮೂರಾಗುತ್ತದೆ, ಹಳದಿ ಮೇಲೆ ಮುಚ್ಚಲೇಬೇಕು. ನಂತರ ಕೆಂಪು 3. ಹಳದಿಯೂ 3ರಲ್ಲೇ ಹಾಕಿ ಆ ಕಂಬ ಬೆಳೆಯದಂತೆ ನೋಡಿಕೊಳ್ಳುತ್ತದೆ. ಕೆಂಪು 5. ಅಲ್ಲಿಗೆ ಮೂರನೇ ಅಡ್ಡಸಾಲಿನಲ್ಲೂ 3, 4, 5 ಕೆಂಪಾಯಿತು, ಕೆಳಗಿನ ಸಾಲಿನ ಪಡಿಯಚ್ಚು. ಇನ್ನು ಹಳದಿ ಎಲ್ಲಿ ಹಾಕಿದರೂ ಅಷ್ಟೇ. ಕೆಂಪು 6ನೇ ಕಂಬದ ತಳಕ್ಕೆ ಒಂದು ಬಿಲ್ಲೆ ಬಿಡುತ್ತದೆ, ಹಳದಿ ಎರಡನೇ ಮನೆಯನ್ನು ತಡೆಯುತ್ತದೆ, ಕೆಂಪು ಮೂರನೇ ಮನೆಯಲ್ಲಿ ಕೂರುತ್ತದೆ. ಹಳದಿ ನಡುವೆ 7ರಲ್ಲಿ ತನ್ನದೂ ನೇರ ಮೂರು ಮಾಡಿ ಹೆದರಿಸಬಹುದು. ಅದನ್ನೊಮ್ಮೆ ಮುಚ್ಚಿ ಬಂದರಾಯಿತು.

ಹಳದಿ ಕೆಟ್ಟದ್ದು ಎರಡನೇ ಸಲ 7ರಲ್ಲಿ ಹಾಕಿದಾಗ. ಆ ಬಿಲ್ಲೆ 4ನೇ ಕಂಬದ ಮೂರನೇ ಮನೆಗೆ ಹೋಗಬೇಕಿತ್ತು. ಏಳು ಕಂಬಗಳಲ್ಲಿ ಅಡ್ಡಲಾಗಿ ಯಾವ ನಾಲ್ಕನ್ನು ಸೇರಿಸಿದರೂ ನಡುಕಂಬ ಅದರೊಳಗೆ ಬಂದೇ ಬರುತ್ತದೆ. ಅಲ್ಲೊಂದು ಹಳದಿ ಕೂತಿದ್ದರೆ ಮೂರನೇ ಅಡ್ಡಸಾಲು ಕೆಂಪಿಗೆ ಪೂರ್ತಿ ಸತ್ತಂತೆ.

ನಾನೂ ಒಮ್ಮೆ ಇದೇ ಸ್ಥಿತಿ ಕಟ್ಟಿ ಸೋತೆ. ಹಳದಿ ಕೊನೆಯಲ್ಲಿ 3ರ ಬದಲು 5ನೇ ಕಂಬದ ಮೂರನೇ ಮನೆಯಲ್ಲಿ ಅಡ್ಡ ಹಾಕಿತ್ತು. ನಾನು ಪಾಠ ಒಪ್ಪಿಸುವವನ ಹಾಗೆ 6ರ ತಳಕ್ಕೆ ಬಿಲ್ಲೆ ಬಿಟ್ಟೆ. ಅವಳು ಮೇಲೆ ತಡೆದಳು, ತಡೆದದ್ದೇ ಗೆಲುವಾಯಿತು: 7ನೇ ಕಂಬದ ತಳ, 6ರ ಎರಡನೇ ಮನೆ, 5ರ ಮೂರನೇ ಮನೆ, 4ರ ನಾಲ್ಕನೇ ಮನೆ ಓರೆಯಾಗಿ ಹಳದಿ! ಎದುರಾಳಿ ತಡೆಯುವ ಮನೆಯಲ್ಲಿ ಅವರದೇ ನಾಲ್ಕು ಕೂಡುತ್ತದೆಯೇ ಎಂದು ನಾನು ನೋಡಿರಲೇ ಇಲ್ಲ. ಅಲ್ಲಿ ಆಡಬೇಕಿದ್ದದ್ದು 3. ಆ ಕಂಬದಲ್ಲಿ ನೇರ ಮೂರಾಗುತ್ತಿತ್ತು, ಜೊತೆಗೆ 5ರ ಎರಡನೇ ಮನೆ, 4ರ ಮೂರನೇ ಮನೆಯ ಜೊತೆ ಓರೆಯಲ್ಲೂ ಮೂರಾಗಿ 6ರ ತಳವೇ ಗೆಲುವಿನ ಮನೆಯಾಗುತ್ತಿತ್ತು. ಎರಡನ್ನೂ ಒಂದೇ ಬಿಲ್ಲೆಯಲ್ಲಿ ತಡೆಯಲಾಗದು.

ಎರಡು ಗೆಲುವಿನ ಮನೆಗಳ ನಡುವೆ ಒಂದೇ ಒಂದು ಮನೆ ಬಿಟ್ಟುಹೋದರೂ ಈ ಉಪಾಯ ನಡೆಯುವುದಿಲ್ಲ. 6ನೇ ಕಂಬದ ಎರಡು ಮತ್ತು ನಾಲ್ಕು ನಿಮ್ಮವು ಎನ್ನಿ. ಎರಡನ್ನು ತಡೆದ ಮೇಲೆ ಮೂರರಲ್ಲಿ ನೀವೇ ಕೂತರೆ ನಾಲ್ಕು ಅವರ ಪಾಲು. ಅವರಂತೂ ತಾವಾಗಿ ಮೂರಕ್ಕೆ ಹೋಗುವುದಿಲ್ಲ. ಬೇರೆ ಕಂಬಗಳೆಲ್ಲ ತುಂಬಿ ಯಾರಿಗಾದರೂ ಬೇರೆ ದಾರಿಯಿಲ್ಲದಾಗುವ ತನಕ ಆ ಕಂಬ ಹಾಗೇ ಖಾಲಿ ನಿಂತಿರುತ್ತದೆ.