ಇತಿಹಾಸವಿಲ್ಲದ ಮಾಡೆಲ್ ತಿದ್ದುವುದು ಹೇಗೆ?

ಮೋಟಾರ್ ಕೂರಿಸುವ ಒಂದು ಬ್ರಾಕೆಟ್. ಗ್ರಾಹಕರು ಅದರ ಸ್ಟೆಪ್ ಫೈಲ್ ಕಳಿಸಿ, ಎರಡು ತೂತುಗಳ ನಡುವಿನ ಅಂತರ 80 ಮಿ.ಮೀ. ಬದಲು 84 ಇರಲಿ ಎನ್ನುತ್ತಾರೆ. ಸಾಲಿಡ್‌ವರ್ಕ್ಸ್‌ನಲ್ಲಿ ತೆರೆದರೆ ಎಡಗಡೆಯ ಪಟ್ಟಿಯಲ್ಲಿ ಸ್ಕೆಚ್ ಇಲ್ಲ, ತೂತು ಕೊರೆದ ಹಂತವಿಲ್ಲ. Imported ಎಂಬ ಒಂದೇ ಸಾಲು. ಇಂಥ ಫೈಲ್ ಸಾಮಾನ್ಯವಾಗಿ ವಸ್ತುವಿನ ಮೇಲ್ಮೈಗಳನ್ನಷ್ಟೇ ಹೊತ್ತು ತರುತ್ತದೆ. ಅದನ್ನು ಕಟ್ಟಿದ ಕ್ರಮ ಮೂಲ ಸಾಫ್ಟ್‌ವೇರ್‌ನಲ್ಲೇ ಉಳಿದಿರುತ್ತದೆ.

ಈಗ ದಾರಿ ಎರಡು. ಮೊದಲನೆಯದು ನೇರ ತಿದ್ದುಪಡಿ: ತೂತಿನ ಒಳಮೈಯನ್ನು ಆರಿಸಿ, Move Face ಆಜ್ಞೆಯಿಂದ ಎರಡೂ ತೂತುಗಳನ್ನು 2 ಮಿ.ಮೀ.ನಂತೆ ಹೊರಕ್ಕೆ ಸರಿಸುವುದು. ತೂತಿನ ಬಾಯಿಗೆ ಚ್ಯಾಂಫರ್ ಇದ್ದರೆ ಅದನ್ನೂ ಜೊತೆಗೇ ಆರಿಸಬೇಕು. ಎರಡನೆಯದು, Delete Face ಬಳಸಿ ತೂತನ್ನು ಮುಚ್ಚಿ, ಹೊಸ ಸ್ಕೆಚ್ ಬರೆದು, 84 ಎಂಬ ಅಳತೆ ಕೊಟ್ಟು ಮತ್ತೆ ಕೊರೆಯುವುದು.

ಮೊದಲನೆಯದು ಬೇಗ ಮುಗಿಯುತ್ತದೆ. ಆದರೆ ಪಟ್ಟಿಯಲ್ಲಿ ಉಳಿಯುವುದು ‘2 ಮಿ.ಮೀ. ಸರಿಸಿದೆ’ ಎಂಬ ದಾಖಲೆ ಮಾತ್ರ. 84 ಎಂಬ ಸಂಖ್ಯೆ ಎಲ್ಲೂ ಇರುವುದಿಲ್ಲ. ಮುಂದೆ ಇನ್ನೊಬ್ಬರು 1 ಮಿ.ಮೀ., ಮತ್ತೊಬ್ಬರು ಅರ್ಧ ಮಿ.ಮೀ. ಸರಿಸಿದರೆ, ಈಗಿನ ಅಂತರ ಎಷ್ಟೆಂದು ಪಟ್ಟಿ ನೋಡಿ ಹೇಳಲಾಗದು, ಅಳೆದೇ ತಿಳಿಯಬೇಕು. ಹಂತಗಳು ದಾಖಲಾದ ಮಾತ್ರಕ್ಕೆ ವಿನ್ಯಾಸದ ಉದ್ದೇಶ ದಾಖಲಾಗುವುದಿಲ್ಲ. ಆದ್ದರಿಂದ ಇಡೀ ಫೈಲಿಗೆ ಒಂದೇ ವಿಧಾನ ಎಂದು ಹಟ ಹಿಡಿಯದೆ, ಒಂದೊಂದು ಅಳತೆಗೂ ಬೇರೆಯಾಗಿ ನಿರ್ಧರಿಸುವುದು ಸರಿ ಎಂಬುದು ನನ್ನ ಖಚಿತ ನಿಲುವು. ಮೋಟಾರ್ ಬದಲಾದಂತೆ ತೂತುಗಳ ಅಂತರವೂ ಬದಲಾಗುವುದಿದ್ದರೆ ಮುಚ್ಚಿ ಕೊರೆಯಿರಿ. ಒಮ್ಮೆ ಸರಿಸಿ ಬಿಡುವ ಮೈಯಾದರೆ Move Face ಸಾಕು.

ಈ ಬ್ರಾಕೆಟ್‌ನಲ್ಲಿ ಅಂಥ ಮೈಯೂ ಇದೆ. ತಟ್ಟೆಯ ಅಗಲ 100 ಮಿ.ಮೀ. ಮೊದಲು ತೂತಿನ ಕೇಂದ್ರದಿಂದ ಅಂಚಿಗೆ 10 ಮಿ.ಮೀ. ಇತ್ತು, ಈಗ 8. ಮೇಲಂಚನ್ನು 2 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿರುವುದರಿಂದ ಸಪಾಟು ಜಾಗ 6 ಮಿ.ಮೀ. ಮಾತ್ರ. ಎಂ8 ಬೋಲ್ಟಿನ ಸಾಮಾನ್ಯ ವಾಷರ್‌ಗೆ ಕೇಂದ್ರದಿಂದ 8 ಬೇಕು. ಅದು ದುಂಡಂಚಿನ ಮೇಲೆ ಹೋಗಿ, ಪೂರ್ತಿ ಆಧಾರವಿಲ್ಲದೆ ಕೂರುತ್ತದೆ. ಹಾಗಾಗಿ ಎರಡೂ ಪಕ್ಕದ ಮೈಗಳನ್ನು 2 ಮಿ.ಮೀ.ನಂತೆ ಹೊರಕ್ಕೆ ಎಳೆದು ಅಗಲವನ್ನು 104 ಮಾಡಬೇಕು.

ಇಲ್ಲೇ ಕೆಲಸ ಕೆಡುವುದು. ಪಕ್ಕದ ಮೈಗೆ ಅಂಟಿದ ಫಿಲೆಟ್ ಜೊತೆಗೆ ಬಾರದೆ ಆಜ್ಞೆ ವಿಫಲವಾಗಬಹುದು. ಮೊದಲು ಫಿಲೆಟ್‌ಗಳನ್ನು Delete Face ಆಜ್ಞೆಯ Delete and Patch ಆಯ್ಕೆಯಿಂದ ತೆಗೆದರೆ ಅಂಚು ಮತ್ತೆ ಚೂಪಾಗುತ್ತದೆ. ಆಮೇಲೆ ಮೈ ಸರಿಸಿ, ಕೊನೆಗೆ ಹೊಸ ಫಿಲೆಟ್ ಹಾಕಿದರೆ ಅದರ ತ್ರಿಜ್ಯ ಬದಲಿಸಬಲ್ಲ ಅಳತೆಯಾಗಿ ಪಟ್ಟಿಯಲ್ಲಿ ಉಳಿಯುತ್ತದೆ.

ಇಷ್ಟಕ್ಕೆ ಕೈ ಹಾಕುವ ಮುನ್ನ ತೂತಿನ ಒಳಮೈಯನ್ನು Measure ಆಜ್ಞೆಯಿಂದ ನೋಡಿ. ವ್ಯಾಸ ತೋರಿಸಿದರೆ ಅದು ನಿಜವಾದ ಸಿಲಿಂಡರ್. ಬರೀ ವಿಸ್ತೀರ್ಣ ಬಂದರೆ, ರಫ್ತಾಗುವಾಗ ಅದು ಮುಕ್ತ ವಕ್ರ ಮೇಲ್ಮೈಯಾಗಿ ಬದಲಾಗಿರಬಹುದು. ಅಂಥ ತೂತನ್ನು ಸರಿಸುತ್ತಾ ಕೂರದೆ ಮುಚ್ಚಿ ಕೊರೆಯುವುದೇ ಲೇಸು.