ಅತ್ತೆ ಆಡಿದ ಮಾತು, ಗಂಡ ಆಡದ ಮಾತು

ಗಣೇಶನ ಹಬ್ಬದ ಮಧ್ಯಾಹ್ನ, ಹಾಸನದ ಒಂದು ಮನೆ. ಎಲೆ ಹಾಕಿ ಹತ್ತು ಜನ ಊಟಕ್ಕೆ ಕೂತಿದ್ದಾರೆ. ಮಗನ ಎಲೆಗೆ ಇನ್ನೊಂದು ಕಡುಬು ಹಾಕುತ್ತಾ ಅಮ್ಮ ಹೇಳಿದರು: "ಎಷ್ಟು ಇಳಿದುಹೋಗಿದೀಯೋ ಪುಟ್ಟ! ಮನೇಲಿ ಅಡುಗೆ ಅಂತ ಆದ್ರೆ ತಾನೇ? ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಒಲೆ ಹತ್ತಿಸೋಕೆ ಪುರುಸೊತ್ತೆಲ್ಲಿ?" ಚಿಕ್ಕಮ್ಮ ನಕ್ಕರು. ಒಂದಿಬ್ಬರು ಸೊಸೆಯ ಮುಖ ನೋಡಿದರು. ಸೊಸೆ ಗಂಡನ ಮುಖ ನೋಡಿದಳು. ಗಂಡ ಕಡುಬಿಗೆ ತುಪ್ಪ ಕಲಸುತ್ತಿದ್ದ.

ಆ ಸೊಸೆ ನನ್ನ ಗೆಳತಿ. ಬೆಂಗಳೂರಲ್ಲಿ ಇಬ್ಬರಿಗೂ ಸಾಫ್ಟ್‌ವೇರ್ ಕೆಲಸ. ಮಂಗಳವಾರ, ಗುರುವಾರ ಅವಳಿಗೆ ರಾತ್ರಿ ಹತ್ತರವರೆಗೂ ಅಮೆರಿಕದ ಕಾಲ್ ಇರೋದರಿಂದ ಆ ಎರಡು ದಿನ ಅಡುಗೆ ಅವನದು, ಮಿಕ್ಕ ದಿನ ಅವಳದು. ಮದುವೆಯಾದ ಮೂರನೇ ತಿಂಗಳಲ್ಲಿ ಇಬ್ಬರೂ ಕೂತು ಮಾಡಿಕೊಂಡ ಏರ್ಪಾಡು ಅದು. ಅವನು ಇಳಿದಿದ್ದು ಕೂಡ ಜಿಮ್‌ಗೆ ಹೋಗಿ, ಬೇಕು ಅಂತಲೇ.

ಅಂದರೆ, ಆ ಪಂಕ್ತಿಯಲ್ಲಿ ಕೂತ ಹತ್ತು ಜನರಲ್ಲಿ ನಿಜ ಗೊತ್ತಿದ್ದದ್ದು ಇಬ್ಬರಿಗೇ. ಅವಳು ಬಾಯಿಬಿಟ್ಟರೆ ಅದು ಎದುರುತ್ತರ. ಅದೇ ಮಾತನ್ನು ಅವನು ಹೇಳಿದ್ದರೆ ಬರೀ ಒಂದು ವಿಷಯ ತಿಳಿಸಿದ ಹಾಗೆ. ಅವಳ ನೋವಿನ ಬೇರು ಇರೋದು ಇಲ್ಲೇ.

ಒಂದು ಮೌನ, ಮೂರು ಅರ್ಥ

ಅವನ ಲೆಕ್ಕದಲ್ಲಿ ಅವನು ಏನೂ ಮಾಡಲಿಲ್ಲ. ಯಾರ ಪರವಾಗಿಯೂ ನಿಲ್ಲಲಿಲ್ಲ, ಹಬ್ಬ ಕೆಡಲಿಲ್ಲ. ಆದರೆ ಅಲ್ಲಿ ಕೂತವರು ಆ ಮೌನವನ್ನು ತಮ್ಮ ತಮ್ಮ ಹಾಗೆ ಓದಿಕೊಂಡರು.

ಅಮ್ಮ ಓದಿದ್ದು: ಮಗ ಬೇಡ ಅನ್ನಲಿಲ್ಲ, ಅಂದರೆ ಅವನಿಗೂ ಹಾಗೇ ಅನ್ನಿಸಿದೆ. ಪಾಪ, ಹೇಳಿಕೊಳ್ಳೋಕೆ ಆಗ್ತಿಲ್ಲ. ನೆಂಟರು ಓದಿದ್ದು: ಈ ಸೊಸೆಗೆ ಯಾರು ಏನಂದರೂ ನಡೆಯುತ್ತೆ. ಸಂಜೆಯೇ ಅತ್ತಿಗೆ "ಮಕ್ಕಳು ಯಾವಾಗ? ಅದಕ್ಕೂ ಮೀಟಿಂಗ್ ಇಡಬೇಕಾ?" ಅಂದಳು. ಮಧ್ಯಾಹ್ನದ ಮೌನವೇ ಸಂಜೆಯ ಮಾತಿಗೆ ದಾರಿ ಮಾಡಿಕೊಟ್ಟಿತ್ತು. ಹೆಂಡತಿ ಓದಿದ್ದು: ಈ ಮನೆಯಲ್ಲಿ ನಾನು ಒಬ್ಬಳೇ.

ಅತ್ತೆಯ ಮಾತನ್ನು ಅವಳು ಒಂದು ವಾರದಲ್ಲಿ ಮರೆತಳು. ಅವನು ತಲೆ ತಗ್ಗಿಸಿ ತುಪ್ಪ ಕಲಸುತ್ತಿದ್ದ ದೃಶ್ಯ ಮಾತ್ರ ಕಣ್ಣಮುಂದಿಂದ ಹೋಗಲಿಲ್ಲ. ಅತ್ತೆ ಬೇರೆ ಮನೆಯವರು, ಅವರಿಂದ ಅವಳು ಹೆಚ್ಚಿಗೆ ಬಯಸಿರಲೂ ಇಲ್ಲ. ಅವನನ್ನು ನಂಬಿಯೇ ಆ ಮನೆಗೆ ಕಾಲಿಟ್ಟಿದ್ದಳು.

ಅವನು ಯಾಕೆ ಸುಮ್ಮನಾದ?

ಬಹಳಷ್ಟು ಸಲ ಇದರ ಹಿಂದೆ ದ್ವೇಷ ಇರೋದಿಲ್ಲ, ರೂಢಿ ಇರುತ್ತೆ. ಅಮ್ಮ ರೇಗಿದಾಗ ಸುಮ್ಮನಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ತಣ್ಣಗಾಗುತ್ತೆ ಅಂತ ಅವನು ಐದನೇ ಕ್ಲಾಸಲ್ಲೇ ಕಲಿತಿದ್ದಾನೆ. ಅಪ್ಪನೂ ಅದನ್ನೇ ಮಾಡಿದ್ದು. ಬೈಸಿಕೊಳ್ಳುವವನು ತಾನೊಬ್ಬನೇ ಆಗಿದ್ದಾಗ ಆ ಉಪಾಯ ಸರಿಯಿತ್ತು. ಈಗ ಅದರ ಬೆಲೆ ಕೊಡುತ್ತಿರುವುದು ಪಕ್ಕದಲ್ಲಿ ಕೂತವಳು.

ವಾಪಸ್ ಬರುವಾಗ ಕಾರಿನಲ್ಲಿ ಅವಳು ಕೇಳಿದಳು, "ಒಂದು ಮಾತು ಹೇಳೋಕೆ ಆಗ್ತಿರ್ಲಿಲ್ವಾ ನಿಂಗೆ?" ಅವನು, "ಅಮ್ಮ ಹಾಗೇ ಕಣೇ, ಮನಸ್ಸಿಗೆ ಹಚ್ಕೋಬೇಡ" ಅಂದ. ಅವಳ ದನಿ ಏರಿತು. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಅವನು ಪೂರ್ತಿ ಮಾತು ನಿಲ್ಲಿಸಿದ್ದ.

ಈ ಎರಡನೇ ಮೌನ ಬೇರೆ ಥರದ್ದು. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಇದನ್ನು ಗುರುತಿಸಿದ್ದಾರೆ. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದೇ ಕಷ್ಟ, ಆಗ ಕೆಲವರು ಗೋಡೆಯಂತಾಗುತ್ತಾರೆ. ಅಂಥ ಹೊತ್ತಲ್ಲಿ ಕನಿಷ್ಠ 20 ನಿಮಿಷ ಮಾತು ನಿಲ್ಲಿಸಿ, ಮೈಮನಸ್ಸು ತಣಿದ ಮೇಲೆ ಮತ್ತೆ ಕೂರಬೇಕು ಅನ್ನುವುದು ಅವರ ಸಲಹೆ. ಇಲ್ಲಿ 'ಮತ್ತೆ ಕೂರಬೇಕು' ಅನ್ನುವುದೇ ಮುಖ್ಯ. ನಮ್ಮ ಮನೆಗಳಲ್ಲಿ ಮಾತು ನಿಲ್ಲುತ್ತೆ, ಮತ್ತೆ ಕೂರುವುದು ಮಾತ್ರ ಆಗೋದಿಲ್ಲ. ಅತ್ತೆ ಸೊಸೆಯರ ತಿಕ್ಕಾಟದಲ್ಲಿ ಗಂಡ ಹೆಂಡತಿಯ ಜೊತೆ ನಿಲ್ಲಬೇಕು ಅಂತಲೂ ಗಾಟ್‌ಮನ್ ತಮ್ಮ 1999ರ ಪುಸ್ತಕದಲ್ಲಿ ನೇರವಾಗಿಯೇ ಬರೆದಿದ್ದಾರೆ.

ಒಂದೇ ವಾಕ್ಯ ಸಾಕು

ಹೆಂಡತಿ ಜೊತೆ ನಿಲ್ಲೋದು ಅಂದರೆ ಅಮ್ಮನ ಮೇಲೆ ಜಗಳಕ್ಕೆ ಹೋಗೋದು ಅಂತ ಗಂಡಸರು ಹೆದರುತ್ತಾರೆ. ಅಂದು ಬೇಕಿದ್ದದ್ದು ಇಷ್ಟೇ: "ಇಲ್ಲಮ್ಮ, ನಾನು ಜಿಮ್‌ಗೆ ಹೋಗಿ ಇಳಿದಿರೋದು. ಅಡುಗೆ ನಾವಿಬ್ರೂ ಮಾಡ್ತೀವಿ, ನನ್ನ ಸಾರು ನೀನೊಂದ್ಸಲ ರುಚಿ ನೋಡ್ಬೇಕು." ಇದರಲ್ಲಿ ಅಮ್ಮನ ಮೇಲೆ ಆರೋಪವಿಲ್ಲ, ನಗುತ್ತಲೂ ಹೇಳಬಹುದು. ಆದರೆ ಸುಳ್ಳು ಅಲ್ಲಿಗೇ ನಿಲ್ಲುತ್ತೆ. ಹತ್ತು ಜನರ ಮುಂದೆ ಬಂದ ಮಾತಿಗೆ ಹತ್ತು ಜನರ ಮುಂದೆಯೇ ಉತ್ತರ ಸಿಕ್ಕಂತಾಗುತ್ತೆ.

ಅವನು ಮೊದಲು ಮಾಡಿದ್ದು ಬೇರೆ. ಮರುದಿನ ಫೋನ್ ಮಾಡಿ, "ಅಮ್ಮ, ನೀನು ಅಂದಿದ್ದು ಅವಳಿಗೆ ಬೇಜಾರಾಗಿದೆಯಂತೆ" ಅಂದ. ಮಧ್ಯಸ್ಥಿಕೆ ಮಾಡಿದೆ ಅಂದುಕೊಂಡ. ಅಮ್ಮನಿಗೆ ಕೇಳಿಸಿದ್ದು, ಸೊಸೆ ಚಾಡಿ ಹೇಳಿದ್ದಾಳೆ ಅಂತ. ಮುಂದಿನ ಎರಡು ವಾರ ಅತ್ತೆ ಸೊಸೆಗೆ ಫೋನ್ ಮಾಡಲೇ ಇಲ್ಲ. 'ಅವಳಿಗೆ ಬೇಜಾರು' ಅನ್ನುವ ಕಡೆ 'ನನಗೆ ಸರಿ ಅನ್ನಿಸಲಿಲ್ಲ' ಅಂದಿದ್ದರೆ ಮಾತು ತಾಯಿ ಮಗನ ನಡುವೆಯೇ ಉಳಿಯುತ್ತಿತ್ತು. ಅಲ್ಲಿ ಮುನಿಸು ಬೇಗ ಕರಗುತ್ತೆ, ಸಂಬಂಧ ಹಳೆಯದು.

ಇದೇ ನಿಯಮ ಅವಳಿಗೂ ಅನ್ವಯ. ಅವಳ ತವರಲ್ಲಿ ಅಪ್ಪ, "ದೊಡ್ಡ ಅಳಿಯ ಆಗ್ಲೇ ಸೈಟ್ ತಗೊಂಡ್ರು, ನೀವು?" ಅಂದಾಗ ಅವಳು ಸುಮ್ಮನೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿದ್ದಳು. ಅದನ್ನು ಅವನು ನೆನಪಿಸಿದಾಗ ಅವಳ ಹತ್ತಿರವೂ ಉತ್ತರವಿರಲಿಲ್ಲ.

ಯಾವ ಮೌನಕ್ಕೆ ಕಾಯಬಹುದು?

ಥಟ್ಟನೆ ಮಾತು ಹೊಳೆಯದೆ ಸುಮ್ಮನಾಗುವವರೂ ಇದ್ದಾರೆ. ಹಾಗಾಗಿ ಆ ಕ್ಷಣವೊಂದನ್ನೇ ನೋಡಿ ತೀರ್ಮಾನಿಸೋದು ಬೇಡ, ಆಮೇಲೆ ಏನಾಗುತ್ತೆ ನೋಡಿ. ರೂಮಿಗೆ ಬಂದ ಮೇಲೆ "ಅಮ್ಮ ಹಾಗಂದಿದ್ದು ತಪ್ಪು, ನಾನು ಸುಮ್ಮನಿದ್ದದ್ದೂ ತಪ್ಪು" ಅಂದರೆ, ಮುಂದಿನ ಭೇಟಿಯಲ್ಲಿ ಸಣ್ಣದಾದರೂ ಬದಲಾವಣೆ ಕಂಡರೆ, ಆ ಮನುಷ್ಯ ಕಲಿಯುತ್ತಿದ್ದಾನೆ. ಪ್ರತಿ ಸಲ "ನಿಂದು ಜಾಸ್ತಿ ಆಯ್ತು" ಅಂತ ನಿಮ್ಮ ನೋವನ್ನೇ ಅಳೆಯಲು ಕೂತರೆ, ಆ ಮೌನ ಒಪ್ಪಿಗೆಯೇ.

ಇನ್ನೊಂದು ಗಡಿ ಇದೆ. ವರದಕ್ಷಿಣೆಯ ಚುಚ್ಚುಮಾತು, ಮಕ್ಕಳಾಗಿಲ್ಲವೆಂಬ ಹೀಯಾಳಿಕೆ, ದಿನದಿನದ ಅವಮಾನ ಇವೆಲ್ಲ ಒಂದು ವಾಕ್ಯದಿಂದ ಸರಿಹೋಗುವ ವಿಷಯ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮಾತಿನ ಹಿಂಸೆಯನ್ನೂ ಹಿಂಸೆಯೆಂದೇ ಹೇಳುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ನನ್ನ ಗೆಳತಿಯ ಮನೆಯಲ್ಲಿ ಅಷ್ಟು ದೂರ ಹೋಗಲಿಲ್ಲ. ದೀಪಾವಳಿಗೆ ಹೊರಡುವ ಹಿಂದಿನ ರಾತ್ರಿ ಇಬ್ಬರೂ ಕೂತು, ಯಾರ ಮನೆಯವರು ಅಂದರೆ ಅವರವರೇ ಉತ್ತರ ಕೊಡೋದು ಅಂತ ಒಪ್ಪಿಕೊಂಡರು. ಹಾಸನದಲ್ಲಿ ಚಿಕ್ಕಮ್ಮ ಮತ್ತೆ ಅಡುಗೆ ವಿಷಯ ತೆಗೆದರು. ಅವನ ಕಿವಿ ಕೆಂಪಾಯಿತು, ದನಿ ಸ್ವಲ್ಪ ನಡುಗಿತು. "ಚಿಕ್ಕಮ್ಮ, ವಾರಕ್ಕೆರಡು ದಿನ ಅಡುಗೆ ನಂದೇ" ಅಂದ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಅತ್ತೆ ಮಗನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ, "ಹಂಗಾದ್ರೆ ನಾಳೆ ಬೆಳಿಗ್ಗೆ ಉಪ್ಪಿಟ್ಟು ನೀನೇ ಮಾಡು, ನೋಡೇಬಿಡೋಣ" ಅಂದರು.

ಉಪ್ಪಿಟ್ಟು ಗಂಟಾಗಿತ್ತಂತೆ. ಅವಳು ಎರಡು ಸಲ ಹಾಕಿಸಿಕೊಂಡಳು.