ಒಂದೇ ಕಾರ್ಡಿನ ಮೇಲೆ ಎರಡು ತಾರೀಖು

ಇಟಲಿಯ ಡ್ರೈವಿಂಗ್ ಲೈಸೆನ್ಸನ್ನು ಕೈಗೆತ್ತಿಕೊಂಡು ನೋಡಿದವರಿಗೆ, ಇದರಲ್ಲಿ ಅನುವಾದ ಮಾಡುವುದಕ್ಕೆ ಏನಿದೆ ಎನ್ನಿಸುವುದು ಸಹಜ. ತಿಳಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕಾರ್ಡು, ಒಂದು ಫೋಟೋ, ಹೆಸರು, ಕೆಲವು ತಾರೀಖು, ಹಿಂಬದಿಯಲ್ಲಿ ವಾಹನಗಳ ಪುಟ್ಟ ಚಿತ್ರಗಳಿರುವ ಒಂದು ಕೋಷ್ಟಕ. ಇಟಾಲಿಯನ್ ಪದಗಳನ್ನು ಹುಡುಕಿದರೂ ಬೆರಳೆಣಿಕೆಯಷ್ಟೇ ಸಿಗುತ್ತವೆ. ಆದರೂ ಈ ಕಾರ್ಡಿನ ಇಂಗ್ಲಿಷ್ ಅನುವಾದ ಕೆಡುವುದುಂಟು. ಕೆಟ್ಟರೆ ಬಾಡಿಗೆ ಕಾರಿನ ಕೌಂಟರಿನಲ್ಲಿ ಕೀಲಿ ಸಿಗುವುದಿಲ್ಲ, ಇಲ್ಲವೇ ಹೊಸ ದೇಶದ ಸಾರಿಗೆ ಕಚೇರಿ ಹತ್ತು ವರ್ಷ ಕಾರು ಓಡಿಸಿದವರನ್ನೂ ಹೊಸಬರೆಂದು ಎಣಿಸುತ್ತದೆ. ತಪ್ಪು ಸಾಮಾನ್ಯವಾಗಿ ಆಗುವುದು ಪದಗಳಲ್ಲಲ್ಲ, ತಾರೀಖುಗಳಲ್ಲಿ.

ಈ ವಿಷಯ ಕನ್ನಡಿಗರಿಗೂ ತಟ್ಟುತ್ತದೆ. ಭಾರತದ ಲೈಸೆನ್ಸನ್ನು ಇಟಲಿಯಲ್ಲಿ ಪರೀಕ್ಷೆಯಿಲ್ಲದೆ ಬದಲಿಸಿಕೊಳ್ಳುವ ಒಪ್ಪಂದವಿಲ್ಲ. ಅಲ್ಲಿ ವಾಸ ದಾಖಲಿಸಿ ಒಂದು ವರ್ಷ ಕಳೆದ ಮೇಲೆ ನಮ್ಮ ಲೈಸೆನ್ಸಿನಲ್ಲಿ ಗಾಡಿ ಓಡಿಸುವಂತಿಲ್ಲ. ಹಾಗಾಗಿ ಟ್ಯೂರಿನ್, ಮಿಲಾನ್ ಕಡೆ ಕೆಲಸ ಹಿಡಿದವರು ಇಟಾಲಿಯನ್ ಭಾಷೆಯ 30 ಸರಿ-ತಪ್ಪು ಪ್ರಶ್ನೆಗಳಿಗೆ ಉತ್ತರ ಬರೆದು, ಮೂರಕ್ಕಿಂತ ಹೆಚ್ಚು ತಪ್ಪಾಗದಂತೆ ನೋಡಿಕೊಂಡು, ಆಮೇಲೆ ರಸ್ತೆ ಪರೀಕ್ಷೆಯನ್ನೂ ಪಾಸು ಮಾಡಿ ಲೈಸೆನ್ಸ್ ಗಳಿಸಬೇಕು. ಇಷ್ಟು ಕಷ್ಟಪಟ್ಟು ಗಳಿಸಿದ ವರ್ಷಗಳ ಲೆಕ್ಕ ಮುಂದಿನ ದೇಶದಲ್ಲಿ ಕಳೆದುಹೋಗಬಾರದು.

ಮೊದಲು ತಿಳಿಯಬೇಕಾದದ್ದು, ಅನುವಾದ ಎಲ್ಲಿ ಬೇಕಿಲ್ಲ ಎಂಬುದು. ಯುರೋಪಿಯನ್ ಒಕ್ಕೂಟದ ಒಳಗೆ ಬೇಕಿಲ್ಲ. ಅಲ್ಲಿನ ಎಲ್ಲ ದೇಶಗಳ ಲೈಸೆನ್ಸೂ ಒಂದೇ ಮಾದರಿಯವು, ಒಂದು ದೇಶದ್ದನ್ನು ಇನ್ನೊಂದು ದೇಶ ಒಪ್ಪಲೇಬೇಕು. ಬ್ರಿಟನ್ ಒಕ್ಕೂಟದಿಂದ ಹೊರಬಂದಿದ್ದರೂ, ಇಟಲಿಯಲ್ಲೇ ಪರೀಕ್ಷೆ ಪಾಸಾಗಿ ಪಡೆದ ಲೈಸೆನ್ಸನ್ನು ಮತ್ತೆ ಪರೀಕ್ಷೆ ಮಾಡದೆ ಬದಲಿಸಿಕೊಡುತ್ತದೆ. ಅನುವಾದವನ್ನು ನಿಜವಾಗಿ ಕೇಳುವುದು ನ್ಯೂಜಿಲೆಂಡ್, ಆಸ್ಟ್ರೇಲಿಯಾದಂಥ ದೇಶಗಳು. ಇಲ್ಲಿ ನ್ಯೂಜಿಲೆಂಡನ್ನೇ ಉದಾಹರಣೆಯಾಗಿ ಹಿಡಿಯೋಣ.

ಮೈಸೂರಿನಲ್ಲಿ ಹುಟ್ಟಿ, ಟ್ಯೂರಿನ್‌ನಲ್ಲಿ ಎಂಜಿನಿಯರ್ ಆಗಿರುವ ಮಹಿಳೆಯೊಬ್ಬರು 2025ರ ಆರಂಭದಲ್ಲಿ ಆಕ್ಲೆಂಡಿಗೆ ಮನೆ ಬದಲಿಸುತ್ತಾರೆ ಎಂದುಕೊಳ್ಳಿ. ಅವರ ಜನ್ಮದಿನ 1986ರ ನವೆಂಬರ್ 5. ಇಟಲಿಯ ಪರೀಕ್ಷೆ ಪಾಸಾಗಿದ್ದು 2013ರ ಜೂನ್ 12ರಂದು. ಐವತ್ತು ದಾಟದವರಿಗೆ ಅಲ್ಲಿ ಲೈಸೆನ್ಸ್ ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಅವಧಿ ಮುಗಿಯುವುದು ಹುಟ್ಟುಹಬ್ಬದ ದಿನ. ಆದ್ದರಿಂದ ಇವರ ಮೊದಲ ಕಾರ್ಡು 2023ರ ನವೆಂಬರ್ 5ಕ್ಕೆ ಮುಗಿಯಬೇಕಿತ್ತು. ಇವರು ಒಂದು ತಿಂಗಳು ಮುಂಚೆಯೇ, ಅಕ್ಟೋಬರ್ 4ರಂದು, ವೈದ್ಯರ ತಪಾಸಣೆ ಮಾಡಿಸಿ ನವೀಕರಿಸಿಕೊಂಡರು. ಹಿಂದೆ ನವೀಕರಣವೆಂದರೆ ಹಳೆಯ ಕಾರ್ಡಿನ ಮೇಲೆ ಒಂದು ಚೀಟಿ ಅಂಟಿಸುವುದಷ್ಟೇ ಆಗಿತ್ತು. 2014ರಿಂದ ಪ್ರತಿ ಬಾರಿಯೂ ಹೊಸ ಕಾರ್ಡೇ ಬರುತ್ತದೆ.

ಈಗ ಆ ಹೊಸ ಕಾರ್ಡನ್ನು ನೋಡಿ. ಅದರಲ್ಲಿ 'ಹೆಸರು', 'ಹುಟ್ಟಿದ ದಿನ' ಎಂಬ ತಲೆಬರಹಗಳಿಲ್ಲ, ಬರೀ ಸಂಖ್ಯೆಗಳಿವೆ. 1 ಎಂದರೆ ಕುಲನಾಮ, 2 ಎಂದರೆ ಹೆಸರು, 3 ಎಂದರೆ ಹುಟ್ಟಿದ ದಿನ ಮತ್ತು ಊರು. 4ಎ ಎಂದಿರುವುದು ಕಾರ್ಡು ಕೊಟ್ಟ ದಿನ, 4ಬಿ ಅದರ ಅವಧಿ ಮುಗಿಯುವ ದಿನ, 4ಸಿ ಕೊಟ್ಟ ಕಚೇರಿ, 5 ಲೈಸೆನ್ಸ್ ನಂಬರು. ಇವರ ಕಾರ್ಡಿನಲ್ಲಿ 4ಎ ಮುಂದೆ 04/10/2023 ಎಂದಿದೆ. ಅದು ಪ್ಲಾಸ್ಟಿಕ್ ಕಾರ್ಡಿನ ವಯಸ್ಸೇ ಹೊರತು ಚಾಲಕಿಯ ಅನುಭವದ ವಯಸ್ಸಲ್ಲ. ಅನುಭವದ ವಯಸ್ಸಿರುವುದು ಹಿಂಬದಿಯ ಕೋಷ್ಟಕದಲ್ಲಿ, ಕಾರಿನ ವರ್ಗವಾದ 'ಬಿ' ಸಾಲಿನಲ್ಲಿ, 10 ಎಂಬ ಅಂಕಣದ ಕೆಳಗೆ. ಅಲ್ಲಿ 12/06/2013 ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಕಾರ್ಡು ಎಷ್ಟು ಸಲ ಬದಲಾದರೂ ಈ ಮೊದಲ ತಾರೀಖನ್ನು ಹೊಸ ಕಾರ್ಡಿನಲ್ಲಿ ಮತ್ತೆ ಅಚ್ಚು ಹಾಕಲೇಬೇಕೆಂದು ಒಕ್ಕೂಟದ ನಿಯಮವೇ ಹೇಳುತ್ತದೆ.

ನ್ಯೂಜಿಲೆಂಡ್ ಇಟಲಿಯನ್ನು ತನ್ನ ವಿನಾಯಿತಿಯ ಪಟ್ಟಿಯಲ್ಲಿಟ್ಟಿದೆ. ಆದರೆ ಪರೀಕ್ಷೆಯಿಲ್ಲದೆ ಪೂರ್ಣ ಲೈಸೆನ್ಸ್ ಸಿಗಬೇಕಾದರೆ ಕನಿಷ್ಠ ಎರಡು ವರ್ಷದಿಂದ ಲೈಸೆನ್ಸ್ ಹೊಂದಿರಬೇಕು. ಅನುವಾದಕರು ಕಾರ್ಡಿನ ಮುಂಬದಿಯನ್ನಷ್ಟೇ ಇಂಗ್ಲಿಷಿಗೆ ಇಳಿಸಿ, 'ಲೈಸೆನ್ಸ್ ಕೊಟ್ಟ ದಿನ: 4 ಅಕ್ಟೋಬರ್ 2023' ಎಂದು ಬರೆದು ಮುಗಿಸಿದರೆ ನಮ್ಮ ಎಂಜಿನಿಯರ್‌ಗೆ ಎರಡು ವರ್ಷ ತುಂಬಿಲ್ಲ. ಹಿಂಬದಿಯ ಕೋಷ್ಟಕವೂ ಬಂದರೆ ಹನ್ನೊಂದು ವರ್ಷ ದಾಟಿದೆ. ಬಾಡಿಗೆ ಕಾರಿನ ಕೌಂಟರಿನಲ್ಲೂ ಇದೇ ಕಥೆ. ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕೆಂಬ ಷರತ್ತು ಹಲವು ಕಂಪನಿಗಳಲ್ಲಿದೆ. ಅಲ್ಲಿನ ಗುಮಾಸ್ತರು ಕಾರ್ಡು ತಿರುಗಿಸಿ ನೋಡುತ್ತಾರೆಂದು ನಂಬಿ ಹೋಗಬಾರದು. ನವೀಕರಣವಾಗಿ ಆರು ತಿಂಗಳೊಳಗೆ ಪ್ರವಾಸ ಹೊರಟವರು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಕಾರ್ಡು ಕಳೆದು ನಕಲು ಪ್ರತಿ ಪಡೆದವರಿಗೂ ಇದೇ ತೊಂದರೆ, ಏಕೆಂದರೆ ನಕಲಿನಲ್ಲಿಯೂ 4ಎ ಹೊಸದಾಗುತ್ತದೆ.

ಕೋಷ್ಟಕವನ್ನು ಇಂಗ್ಲಿಷಿಗೆ ತರುವಾಗ ಸಾಲುಗಳು ಅಲುಗಾಡಬಾರದು. 'ಬಿ'ಗಿಂತ ಮೇಲೆ 'ಎಎಂ' ಎಂಬ ಸಾಲಿದೆ, ಅದು ಮೊಪೆಡ್‌ಗಳದ್ದು. ಇಟಲಿಯಲ್ಲಿ ಬೆಳೆದ ಮಕ್ಕಳು ಅದನ್ನು 14ನೆಯ ವಯಸ್ಸಿಗೇ ಪಡೆಯಬಹುದು. ಖಾಲಿ ಸಾಲುಗಳನ್ನು ಕೈಬಿಟ್ಟು, ತುಂಬಿದವನ್ನಷ್ಟೇ ಒತ್ತೊತ್ತಾಗಿ ಬರೆದ ಅನುವಾದದಲ್ಲಿ ಮೊಪೆಡ್ಡಿನ ತಾರೀಖು ಕಾರಿನದ್ದಾಗಿಬಿಡುತ್ತದೆ. ಮೂಲದಲ್ಲಿ ಸಾಲು ಖಾಲಿಯಿದ್ದರೆ ಅನುವಾದದಲ್ಲೂ ಗೆರೆ ಹಾಕಿ ಖಾಲಿ ಎಂದೇ ತೋರಿಸಬೇಕು. 12ನೆಯ ಅಂಕಣದ ಸಂಕೇತಗಳಿಗೂ ಇದೇ ನಿಷ್ಠೆ ಬೇಕು. ಅಲ್ಲಿ 01 ಎಂದಿದ್ದರೆ ಕನ್ನಡಕ ಅಥವಾ ಲೆನ್ಸ್ ಬೇಕೆಂದು ಅರ್ಥ, 78 ಎಂದಿದ್ದರೆ ಆಟೊಮ್ಯಾಟಿಕ್ ಗೇರಿನ ಗಾಡಿ ಮಾತ್ರ. 78 ಇರುವವರು ಮ್ಯಾನುಯಲ್ ಕಾರು ಬಾಡಿಗೆಗೆ ತೆಗೆದುಕೊಂಡರೆ ಅವರಿಗೆ ಪರವಾನಗಿಯೇ ಇಲ್ಲದಂತೆ.

ತಾರೀಖು ಬರೆಯುವ ರೀತಿಯೂ ಮುಖ್ಯ. ಇಟಲಿಯವರು ನಮ್ಮ ಹಾಗೆಯೇ ದಿನ, ತಿಂಗಳು, ವರ್ಷ ಎಂದು ಬರೆಯುತ್ತಾರೆ. ಅಮೆರಿಕದವರು ತಿಂಗಳನ್ನು ಮುಂದಿಡುತ್ತಾರೆ. 04/10/2023 ಅಲ್ಲಿ ಏಪ್ರಿಲ್ ಹತ್ತಾಗುತ್ತದೆ, 12/06/2013 ಡಿಸೆಂಬರ್ ಆರಾಗುತ್ತದೆ. ಅನುವಾದದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಗೊಂದಲಕ್ಕೆ ಎಡೆಯೇ ಇಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಯಾವ ಸುಧಾರಣೆಯನ್ನೂ ಮಾಡಬಾರದು. ಇನಿಷಿಯಲ್ಲು, ತಂದೆಯ ಹೆಸರು, ಊರಿನ ಹೆಸರುಗಳ ನಮ್ಮ ಪದ್ಧತಿ ಇಟಲಿಯ ಕಚೇರಿಗಳಲ್ಲಿ ಹೇಗೆ ಕುಳಿತಿದೆಯೋ ಹಾಗೆಯೇ ಅನುವಾದದಲ್ಲೂ ಕುಳಿತಿರಬೇಕು. ಪಾಸ್‌ಪೋರ್ಟಿಗೆ ಹೊಂದಿಸಲೆಂದು ಅನುವಾದಕರು ಹೆಸರನ್ನು ತಿದ್ದಿದರೆ ಕಾರ್ಡೂ ಅನುವಾದವೂ ಬೇರೆ ಬೇರೆಯವರದ್ದೆಂದು ತೋರುತ್ತದೆ. ವ್ಯತ್ಯಾಸವಿದ್ದರೆ ಅದನ್ನು ಬೇರೆ ಕಾಗದದಲ್ಲಿ ವಿವರಿಸುವುದೇ ಸರಿ. 4ಸಿಯಲ್ಲಿರುವ 'ಎಂಐಟಿ-ಯುಸಿಒ' ಎಂಬ ಅಕ್ಷರಗಳು ಸಾರಿಗೆ ಸಚಿವಾಲಯದ ಕೇಂದ್ರ ಕಾರ್ಯಾಲಯದವು. ಅಕ್ಷರಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಅರ್ಥ ಕೊಡಬೇಕು.

ಇಷ್ಟೆಲ್ಲ ಏಕೆ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಸಾಲದೇ ಎಂದು ಕೇಳುವವರಿದ್ದಾರೆ. ಬಾಡಿಗೆ ಕಾರಿಗೆ ಬಹುಪಾಲು ಸಾಕು. ಇಟಲಿಯ ಸಾರಿಗೆ ಕಚೇರಿಯಾದ ಮೋಟೋರಿದ್ಸಾತ್ಸಿಯೋನೆ ಇದನ್ನು ಎರಡು ಮಾದರಿಯಲ್ಲಿ ಕೊಡುತ್ತದೆ. 1949ರ ಜಿನೀವಾ ಒಪ್ಪಂದದ್ದು ಒಂದು ವರ್ಷ, 1968ರ ವಿಯೆನ್ನಾ ಒಪ್ಪಂದದ್ದು ಮೂರು ವರ್ಷ ನಡೆಯುತ್ತದೆ. ನ್ಯೂಜಿಲೆಂಡಿಗೂ ಭಾರತಕ್ಕೂ ಬೇಕಾದದ್ದು 1949ರದ್ದು. ಇಟಲಿಯ ಲೈಸೆನ್ಸ್ ಇಟ್ಟುಕೊಂಡು ರಜೆಗೆ ಬೆಂಗಳೂರಿಗೆ ಬಂದು ಬಾಡಿಗೆ ಕಾರು ಓಡಿಸುವವರು ಇದನ್ನು ನೆನಪಿಡಬೇಕು. ಮೂರು ವರ್ಷ ನಡೆಯುತ್ತದೆಂದು ಇನ್ನೊಂದನ್ನು ಮಾಡಿಸಿಕೊಂಡರೆ ಇಲ್ಲಿ ಉಪಯೋಗಕ್ಕೆ ಬಾರದು. ಪರ್ಮಿಟ್ಟಿಗೆ ಒಂದು ಮಿತಿಯೂ ಇದೆ. ಯಾವ ವರ್ಗದ ವಾಹನ ಓಡಿಸಬಹುದೆಂಬ ಮುದ್ರೆ ಅದರಲ್ಲಿರುತ್ತದೆ, ಎಂದಿನಿಂದ ಎಂಬುದು ಇರುವುದಿಲ್ಲ. ಹಾಗಾಗಿ ವರ್ಷಗಳ ಲೆಕ್ಕ ಕೇಳುವ ಕಡೆ ಅದು ಪುರಾವೆಯಾಗಲಾರದು.

ಅನುವಾದ ಯಾರಿಂದ ಮಾಡಿಸಬೇಕೆಂಬುದನ್ನು ಹೋಗುವ ದೇಶವೇ ನಿರ್ಧರಿಸುತ್ತದೆ, ಬಿಡುವ ದೇಶವಲ್ಲ. ಇದು ಗೊತ್ತಿಲ್ಲದೆ ಹಣ ಕಳೆದುಕೊಳ್ಳುವವರಿಗಾಗಿ ಮನಸ್ಸು ನೋಯುತ್ತದೆ. ಇಟಲಿಯಲ್ಲಿ ಅನುವಾದಕರು ನ್ಯಾಯಾಲಯದ ಕಚೇರಿಗೆ ಹೋಗಿ ಪ್ರಮಾಣ ಮಾಡಿ, ನಾಲ್ಕು ಪುಟಕ್ಕೊಂದರಂತೆ 16 ಯೂರೋದ ಸ್ಟಾಂಪು ಹಚ್ಚಿ, ಬೇಕಿದ್ದರೆ ಅದರ ಮೇಲೆ ಅಪೊಸ್ಟೈಲ್ ಮುದ್ರೆಯನ್ನೂ ಹಾಕಿಸಿಕೊಡುವ ಪದ್ಧತಿಯಿದೆ. ನೋಡುವುದಕ್ಕೆ ಬಹಳ ಭದ್ರವಾದ ಕಾಗದ. ಆದರೆ ನ್ಯೂಜಿಲೆಂಡ್ ಒಪ್ಪುವುದು ತಾನು ಮಾನ್ಯ ಮಾಡಿದ ಅನುವಾದ ಸಂಸ್ಥೆಗಳದ್ದು, ರಾಯಭಾರ ಕಚೇರಿಯದ್ದು, ಇಲ್ಲವೇ ಲೈಸೆನ್ಸ್ ಕೊಟ್ಟ ಕಚೇರಿಯೇ ಮಾಡಿದ್ದು. ಆಸ್ಟ್ರೇಲಿಯಾದಲ್ಲಿ ನಾಟಿ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಅನುವಾದಕರ ಮುದ್ರೆಗೆ ಬೆಲೆ. ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಕೊಡಬೇಕು.

ಕಾರಿನ ನೋಂದಣಿ ಪತ್ರದಲ್ಲಿಯೂ ಇದೇ ಎರಡು ತಾರೀಖಿನ ಪೇಚು ಎದುರಾಗುತ್ತದೆ. ಇಟಲಿಯ ಬಾಡಿಗೆ ಕಾರಿನಲ್ಲಿ ಪಕ್ಕದ ಯುರೋಪ್ ದೇಶಕ್ಕೆ ಹೋಗುವವರಿಗೆ ಅನುವಾದ ಬೇಡ, ಅದರ ಸಂಕೇತಗಳೂ ಒಕ್ಕೂಟಕ್ಕೆಲ್ಲ ಒಂದೇ. ತಮ್ಮ ಕಾರನ್ನೇ ಹೊರದೇಶಕ್ಕೆ ಒಯ್ಯುವವರಿಗೆ ಬೇಕು. ಅದರಲ್ಲಿ 'ಬಿ' ಎಂದರೆ ಕಾರು ಮೊತ್ತಮೊದಲು ನೋಂದಣಿಯಾದ ದಿನ, 'ಐ' ಎಂದರೆ ಈ ಪತ್ರಕ್ಕೆ ಸಂಬಂಧಿಸಿದ ನೋಂದಣಿಯ ದಿನ. ಜರ್ಮನಿಯಲ್ಲಿ 2012ರಲ್ಲಿ ನೋಂದಣಿಯಾಗಿ 2018ರಲ್ಲಿ ಇಟಲಿಗೆ ಬಂದ ಕಾರಿಗೆ ಇವೆರಡೂ ಬೇರೆ. 'ಐ'ಯನ್ನೇ ಕಾರಿನ ವಯಸ್ಸೆಂದು ಬರೆದರೆ ಆರು ವರ್ಷ ಮಾಯವಾಗುತ್ತದೆ, ಆಗ ವಿಮೆಯವರೂ ಕಸ್ಟಮ್ಸ್‌ನವರೂ ಸಂಶಯಪಡುವುದು ನ್ಯಾಯವೇ.

ಇಂಧನದ ಸಾಲು 'ಪಿ.3'ರಲ್ಲಿ 'ಗಾಸೋಲ್' ಎಂಬ ಸಂಕ್ಷೇಪ ಕಂಡರೆ ಅದನ್ನು ಅಮೆರಿಕದವರ ಗ್ಯಾಸೊಲಿನ್ ಎಂದುಕೊಳ್ಳಬಾರದು. ಇಟಲಿಯಲ್ಲಿ ಅದು ಡೀಸೆಲ್, ಪೆಟ್ರೋಲಿಗೆ ಬೆನ್ಸೀನಾ ಎನ್ನುತ್ತಾರೆ. ಈ ಒಂದು ತಪ್ಪಿನಿಂದ ಹೊಗೆಯ ನಿಯಮ, ತೆರಿಗೆ ಎಲ್ಲ ಅಡಿಮೇಲಾಗುತ್ತದೆ. ಹಳೆಯ ಪತ್ರಗಳಲ್ಲಿ ಇನ್ನೊಂದು ವಿಷಯ ನೋಡಬೇಕು. ಕಾರು ಕೈ ಬದಲಾಯಿಸಿದಾಗ ಹೊಸ ಪತ್ರ ಕೊಡದೆ, ಹೊಸ ಮಾಲೀಕರ ಹೆಸರಿನ ಚೀಟಿಯನ್ನು ಹಳೆಯದರ ಮೇಲೆ ಅಂಟಿಸುತ್ತಿದ್ದರು. ಅಚ್ಚಾದ ಪುಟವನ್ನಷ್ಟೇ ಅನುವಾದಿಸಿ ಚೀಟಿಯನ್ನು ಬಿಟ್ಟರೆ ಕಾರು ಹಿಂದಿನವರದ್ದಾಗಿಯೇ ಉಳಿಯುತ್ತದೆ. ಮಾಲೀಕತ್ವದ ಪ್ರಮಾಣಪತ್ರವೂ ಆಗ ಬೇರೆಯಿತ್ತು. 2020ರಿಂದ ಹಂತಹಂತವಾಗಿ ಎರಡನ್ನೂ ಸೇರಿಸಿ ಒಂದೇ ದಾಖಲೆ ಮಾಡಿದ್ದಾರೆ. ಅದಕ್ಕೆ ಮುಂಚಿನ ಕಾರುಗಳಿಗೆ ಎರಡು ಕಾಗದಗಳನ್ನೂ, ಅವುಗಳ ಮೇಲಿನ ಪ್ರತಿಯೊಂದು ಚೀಟಿಯನ್ನೂ ಅನುವಾದಕರ ಕೈಗೆ ಕೊಡಬೇಕು.